ರಸೀದಿ ಇದೆ, 10ಬಿಇ ಬಂದಿದೆಯೇ?

ಜೂನ್ ಮುಗಿದು ಜುಲೈ ಬಂದರೆ ಆಡಿಟರ್ ಕಚೇರಿಗಳ ಮೇಜಿನ ಮೇಲೆ ದೇಣಿಗೆ ರಸೀದಿಗಳ ಕಂತೆಗಳು ಬಂದು ಬೀಳುತ್ತವೆ. ದೇವಸ್ಥಾನದ ಅನ್ನದಾನದ ಚೀಟಿ, ಬಡಾವಣೆಯ ಗಣೇಶೋತ್ಸವ ಸಮಿತಿಯ ರಸೀದಿ, ಅನಾಥಾಶ್ರಮದ ಧನ್ಯವಾದ ಪತ್ರ, ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಕೊಟ್ಟ ಕಟ್ಟಡ ನಿಧಿ, ಯಾರದೋ ಮಗುವಿನ ಆಪರೇಷನ್‌ಗೆ ಮೊಬೈಲಿನಲ್ಲಿ ಕಳುಹಿಸಿದ ಹಣದ ಸ್ಕ್ರೀನ್‌ಶಾಟ್. ಕೊಟ್ಟವರ ಮನಸ್ಸು ಎಲ್ಲದರಲ್ಲೂ ಒಂದೇ. ಆದರೆ ಆದಾಯ ತೆರಿಗೆಯ ಲೆಕ್ಕಕ್ಕೆ ಕುಳಿತಾಗ ಈ ಕಂತೆಯಲ್ಲಿ ಒಂದೋ ಎರಡೋ ಉಳಿಯುತ್ತವೆ, ಬಾಕಿಯವು ಪಕ್ಕಕ್ಕೆ ಸರಿಯುತ್ತವೆ. ಉಳಿದ ಒಂದೆರಡರಲ್ಲೂ ಹಲವು ಬಾರಿ ಒಂದು ಕಾಗದ ಕಡಿಮೆ ಬೀಳುತ್ತದೆ.

ಆ ಕಾಗದದ ಹೆಸರು ಫಾರ್ಮ್ 10ಬಿಇ. ದೇಣಿಗೆ ಕೊಟ್ಟ ದಿನ ಟ್ರಸ್ಟಿನವರು ಹರಿದು ಕೊಡುವ ರಸೀದಿ ಅದಲ್ಲ. ಟ್ರಸ್ಟ್ ತಾನು ಇಡೀ ವರ್ಷ ಯಾರಿಂದ, ಎಷ್ಟು, ಯಾವ ರೀತಿಯಲ್ಲಿ ಹಣ ಪಡೆಯಿತು ಎಂಬ ಪಟ್ಟಿಯನ್ನು ಫಾರ್ಮ್ 10ಬಿಡಿ ಎಂಬ ಹೆಸರಿನಲ್ಲಿ ಆದಾಯ ತೆರಿಗೆ ಪೋರ್ಟಲ್‌ಗೆ ಸಲ್ಲಿಸಬೇಕು. ಹಣಕಾಸು ವರ್ಷ ಮುಗಿದ ಮೇಲೆ ಮೇ 31 ಅದಕ್ಕೆ ಕೊನೆಯ ದಿನ. ಪಟ್ಟಿ ಒಳಗೆ ಹೋದ ಮೇಲೆ ಪೋರ್ಟಲ್ಲೇ ಪ್ರತಿಯೊಬ್ಬ ದಾನಿಯ ಹೆಸರಿನಲ್ಲಿ ಒಂದೊಂದು ಪ್ರಮಾಣಪತ್ರ ತಯಾರಿಸುತ್ತದೆ. ಅದೇ 10ಬಿಇ. ಟ್ರಸ್ಟ್ ಅದನ್ನು ಇಳಿಸಿಕೊಂಡು ದಾನಿಗೆ ತಲುಪಿಸಬೇಕು, ಅದಕ್ಕೂ ಮೇ 31ರ ಗಡುವೇ. 2021–22ರಲ್ಲಿ ಕೊಟ್ಟ ದೇಣಿಗೆಗಳಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ಅದಕ್ಕೂ ಮೊದಲು ದಾನಿಯ ಕೈಯಲ್ಲಿದ್ದ ರಸೀದಿಯೇ ಸಾಕ್ಷಿಯಾಗಿತ್ತು. ಈಗ ದಾನಿ ಕೇಳುವ ಕಡಿತಕ್ಕೆ ಟ್ರಸ್ಟ್ ಇಲಾಖೆಗೆ ಕೊಟ್ಟ ಮಾಹಿತಿಯೇ ಆಧಾರ. ಟ್ರಸ್ಟಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿರುವ ರಸೀದಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಕಡಿತ ಸಿಗುವ ಭರವಸೆಯಿಲ್ಲ.

ಈ ಕಡಿತದ ಮೂಲ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಜಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಇದೇ ವಿಷಯ ಸೆಕ್ಷನ್ 133ರಲ್ಲಿದೆ. ಜನರ ಬಾಯಲ್ಲಿ ಮಾತ್ರ ಇದು ಇನ್ನೂ 'ಏಟಿ ಜಿ'ಯೇ. ಇಲ್ಲಿ ನೋಡುವ ಉದಾಹರಣೆ 2025–26ರ ವರ್ಷದ್ದು, ಹಾಗಾಗಿ ಹಳೆಯ ಕಾಯ್ದೆಯ ಹೆಸರುಗಳನ್ನೇ ಬಳಸಲಾಗಿದೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ದೇಣಿಗೆ ಕೇಳುವವರು ಇದನ್ನು ಹೇಳುವುದು ಕಡಿಮೆ. ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ಕಡಿತ ಇಲ್ಲವೇ ಇಲ್ಲ. 2023–24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕೆಂದರೆ ತೆರಿಗೆದಾರರೇ ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದಾರರಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12 ಲಕ್ಷ 75 ಸಾವಿರದವರೆಗೆ, ತೆರಿಗೆ ಬೀಳುವುದಿಲ್ಲ. ಅಷ್ಟು ಆದಾಯದ ಶಿಕ್ಷಕರೋ ಗುಮಾಸ್ತರೋ ದೇಣಿಗೆಯ ಕಡಿತಕ್ಕಾಗಿ ಹಳೆ ಪದ್ಧತಿಗೆ ಹೋದರೆ ಉಳಿಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಹಾಗಾದರೆ 80ಜಿ ಇಂದು ಯಾರಿಗೆ ನೆರವಾಗುತ್ತದೆ? ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ, ವಿಮೆ, ಪಿಎಫ್ ಇವೆಲ್ಲ ಸೇರಿ ದೊಡ್ಡ ಮೊತ್ತವಾಗಿ, ಅದರಿಂದಾಗಿ ಹಳೆ ಪದ್ಧತಿಯೇ ಲಾಭವೆನಿಸುವವರಿಗೆ.

ಅಂಥ ಒಬ್ಬರ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಒಬ್ಬ ಇಂಜಿನಿಯರ್, ವರ್ಷದ ಸಂಬಳ ಸುಮಾರು 20 ಲಕ್ಷ ಎಂದಿಟ್ಟುಕೊಳ್ಳೋಣ. ಮೈಸೂರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಅವರ ವಯಸ್ಸಾದ ತಂದೆ ತಾಯಿ ಇದ್ದಾರೆ. ಬಾಡಿಗೆ ಭತ್ಯೆಯ ವಿನಾಯಿತಿ, ಸ್ಟ್ಯಾಂಡರ್ಡ್ ಡಿಡಕ್ಷನ್, ಗೃಹಸಾಲದ ಬಡ್ಡಿ ಕಳೆದ ಮೇಲೆ ಅವರ ಒಟ್ಟು ಆದಾಯ 14,50,000 ರೂಪಾಯಿ. ಅದರಿಂದ 80ಸಿ ಅಡಿ 1,50,000, ಎನ್‌ಪಿಎಸ್‌ಗೆ 50,000, ತಮ್ಮ ಮತ್ತು ತಂದೆ ತಾಯಿಯ ಆರೋಗ್ಯ ವಿಮೆಗೆ 75,000 ಹೋಗುತ್ತದೆ. ಉಳಿದದ್ದು 11,75,000. ದೇಣಿಗೆಯ ಮಾತು ಬರುವ ಮೊದಲೇ ಅವರ ತೆರಿಗೆ ಸೆಸ್ ಸೇರಿ 1,71,600 ರೂಪಾಯಿ. ಹೊಸ ಪದ್ಧತಿಯಲ್ಲಿ ಅದೇ ಸಂಬಳಕ್ಕೆ ಸುಮಾರು 1,92,400 ಆಗುತ್ತಿತ್ತು. ಹಾಗಾಗಿ ಇವರಿಗೆ ಹಳೆಯದೇ ಸರಿ.

ಆ ವರ್ಷ ಅವರು ಕೊಟ್ಟದ್ದು ಏನೇನು? 80ಜಿ ಅನುಮೋದನೆ ಇರುವ ಒಂದು ವೃದ್ಧಾಶ್ರಮದ ಟ್ರಸ್ಟಿಗೆ ಬ್ಯಾಂಕ್ ಖಾತೆಯಿಂದ 1,50,000. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಆನ್‌ಲೈನ್‌ನಲ್ಲಿ 10,000. ಅದೇ ವೃದ್ಧಾಶ್ರಮದ ವಾರ್ಷಿಕೋತ್ಸವದ ದಿನ ಕೈಯಲ್ಲಿ 5,000 ನಗದು, ರಸೀದಿ ಸಮೇತ. ಜೊತೆಗೆ ಅಲ್ಲಿನ ಅಡುಗೆಮನೆಗೆ 12,000 ರೂಪಾಯಿಯ ಅಕ್ಕಿ, ಬೇಳೆ.

ಮುಖ್ಯಮಂತ್ರಿ ನಿಧಿಯ 10,000 ಸುಲಭದ ಲೆಕ್ಕ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪಿಎಂ ಕೇರ್ಸ್, ರಾಷ್ಟ್ರೀಯ ರಕ್ಷಣಾ ನಿಧಿ, ರಾಜ್ಯಗಳ ಮುಖ್ಯಮಂತ್ರಿ ಪರಿಹಾರ ನಿಧಿ ಇಂಥವುಗಳಿಗೆ ಕೊಟ್ಟ ಹಣ ಪೂರ್ತಿ ಕಡಿತವಾಗುತ್ತದೆ, ಮಿತಿಯ ಮಾತಿಲ್ಲ. ಇವುಗಳಿಗೆ 10ಬಿಇ ಕೂಡ ಬೇಡ, ನಿಧಿಯ ರಸೀದಿಯೇ ಸಾಕು. ನೆರೆ ಬಂದಾಗ ನೌಕರರ ಒಂದು ದಿನದ ಸಂಬಳವನ್ನು ಇಲಾಖೆಯೇ ಹಿಡಿದು ಇಂಥ ನಿಧಿಗೆ ಒಟ್ಟಾಗಿ ಕಟ್ಟುವುದುಂಟು. ಆಗ ಪ್ರತಿಯೊಬ್ಬ ನೌಕರನ ಹೆಸರಿನಲ್ಲಿ ರಸೀದಿ ಬರುವುದಿಲ್ಲ, ಸಂಬಳ ಬಟವಾಡೆ ಅಧಿಕಾರಿ ಕೊಡುವ ಪ್ರಮಾಣಪತ್ರವನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ವೃದ್ಧಾಶ್ರಮದ 1,50,000 ರೂಪಾಯಿಯಲ್ಲಿ ತೊಡಕಿದೆ. ಸಾಮಾನ್ಯ ಟ್ರಸ್ಟ್, ಸೊಸೈಟಿಗಳಿಗೆ ಕೊಟ್ಟದ್ದಕ್ಕೆ ಸಿಗುವುದು ಕೊಟ್ಟ ಹಣದ ಅರ್ಧ ಮಾತ್ರ, ಅದೂ ಒಂದು ಮಿತಿಯೊಳಗೆ. ಮಿತಿ ಎಂದರೆ ಆದಾಯದ ಶೇ. 10. ಯಾವ ಆದಾಯ ಎಂಬಲ್ಲೇ ಹೆಚ್ಚಿನವರು ಎಡವುವುದು. ಸಂಬಳದ ಶೇ. 10 ಅಲ್ಲ, ಒಟ್ಟು ಆದಾಯದ ಶೇ. 10 ಕೂಡ ಅಲ್ಲ. ಒಟ್ಟು ಆದಾಯದಿಂದ 80ಸಿ, 80ಡಿ ಮುಂತಾದ ಉಳಿದೆಲ್ಲ ಕಡಿತಗಳನ್ನು ತೆಗೆದು, ಸೈಟ್ ಮಾರಿದ್ದರಿಂದಲೋ ಷೇರಿನಿಂದಲೋ ಬಂದ ದೀರ್ಘಾವಧಿ ಲಾಭವಿದ್ದರೆ ಅದನ್ನೂ ತೆಗೆದು, ಉಳಿದದ್ದರ ಹತ್ತನೇ ಒಂದು ಪಾಲು. ಷೇರು ಮಾರಾಟದ ಅಲ್ಪಾವಧಿ ಲಾಭಕ್ಕೆ ವಿಶೇಷ ದರದ ತೆರಿಗೆ ಬೀಳುವುದಾದರೆ ಅದೂ ಹೊರಗೆ. ನಮ್ಮ ಇಂಜಿನಿಯರರಿಗೆ ಇಂಥ ಲಾಭ ಯಾವುದೂ ಇಲ್ಲ, ಆದ್ದರಿಂದ 11,75,000ದ ಶೇ. 10, ಅಂದರೆ 1,17,500.

ಈಗ ಕ್ರಮ ಮುಖ್ಯ. ಮೊದಲು ಮಿತಿ, ಆಮೇಲೆ ಅರ್ಧ. 1,50,000ದ ಅರ್ಧ 75,000, ಅದು 1,17,500ಕ್ಕಿಂತ ಕಡಿಮೆ, ಹಾಗಾಗಿ ಪೂರ್ತಿ ಸಿಗುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ತಪ್ಪು. ಕೊಟ್ಟ 1,50,000ವನ್ನು ಮೊದಲು 1,17,500ಕ್ಕೆ ಇಳಿಸಬೇಕು, ನಂತರ ಅದರ ಅರ್ಧ 58,750. ಪರಿಹಾರ ನಿಧಿಯ 10,000 ಕೂಡಿದರೆ ಒಟ್ಟು ಕಡಿತ 68,750. ಶೇ. 30ರ ಹಂತದಲ್ಲಿರುವ ಅವರಿಗೆ ಸೆಸ್ ಸೇರಿ ಉಳಿಯುವ ತೆರಿಗೆ 21,450 ರೂಪಾಯಿ. ಬ್ಯಾಂಕಿನ ಮೂಲಕ 1,60,000 ಕೊಟ್ಟವರಿಗೆ ಇಷ್ಟು. ದೇಣಿಗೆ ಕೊಟ್ಟರೆ ತೆರಿಗೆಯಲ್ಲೇ ಎಲ್ಲ ವಾಪಸ್ ಬರುತ್ತದೆ ಎಂದು ಹೇಳಿ ಹಣ ಕೇಳುವುದು ದಾನಿಗೂ ಅನ್ಯಾಯ, ಒಳ್ಳೆಯ ಕೆಲಸ ಮಾಡುವ ಸಂಸ್ಥೆಗಳಿಗೂ ಅನ್ಯಾಯ.

ಮಿತಿಯ ಮೇಲೆ ಹೋದ 32,500 ರೂಪಾಯಿ ಲೆಕ್ಕಕ್ಕೆ ಬರಲಿಲ್ಲ. ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆ ದೇಣಿಗೆಯ ಉಳಿಕೆಯನ್ನು ಒಯ್ಯಲು ಬರುವುದಿಲ್ಲ. ಆ ಭಾಗವನ್ನು ಮಾರ್ಚ್‌ನಲ್ಲಿ ಕೊಡದೆ ಏಪ್ರಿಲ್ 1 ದಾಟಿದ ಮೇಲೆ ಕೊಟ್ಟಿದ್ದರೆ ಅದು ಮರು ವರ್ಷದ ಮಿತಿಗೆ ಸೇರುತ್ತಿತ್ತು. ಆದಾಯವೂ ಕಡಿತಗಳೂ ಹೀಗೇ ಇದ್ದರೆ ಇನ್ನೊಂದು 5,070 ರೂಪಾಯಿ ತೆರಿಗೆ ಉಳಿಯುತ್ತಿತ್ತು. ವೃದ್ಧಾಶ್ರಮಕ್ಕೆ ಒಂದು ರೂಪಾಯಿಯೂ ಕಡಿಮೆಯಾಗುತ್ತಿರಲಿಲ್ಲ. ದೊಡ್ಡ ಮೊತ್ತ ಕೊಡುವವರು ಫೆಬ್ರುವರಿಯಲ್ಲೇ ತಮ್ಮ ಮಿತಿ ಎಷ್ಟೆಂದು ಅಂದಾಜು ಮಾಡಿಕೊಳ್ಳುವುದು ಇದಕ್ಕಾಗಿ.

ಇನ್ನು ನಗದು. ವಾರ್ಷಿಕೋತ್ಸವದ ದಿನ ಕೊಟ್ಟ 5,000ಕ್ಕೆ ಏನೂ ಸಿಗುವುದಿಲ್ಲ. ನಗದಾಗಿ ಕೊಡುವ ದೇಣಿಗೆಗೆ 2,000 ರೂಪಾಯಿ ಗಡಿ. ಗಡಿ ದಾಟಿದರೆ ಮೇಲಿನ 3,000 ಮಾತ್ರ ಹೋಗಿ 2,000 ಉಳಿಯುತ್ತದೆ ಎಂದು ತಿಳಿಯುವವರು ಬಹಳ. ಹಾಗಲ್ಲ, ಇಡೀ 5,000ವೇ ಲೆಕ್ಕದಿಂದ ಹೊರಗೆ. ಈ ಗಡಿ ಹಿಂದೆ 10,000 ಇತ್ತು, 2017ರ ಬಜೆಟ್ ಅದನ್ನು 2,000ಕ್ಕೆ ಇಳಿಸಿತು. ಹಳೆಯ ಅಂಕಿಯನ್ನೇ ನೆನಪಿಟ್ಟುಕೊಂಡು ನಗದು ಪಡೆಯುವ ಸಣ್ಣ ಸಂಸ್ಥೆಗಳು ಇವತ್ತಿಗೂ ಇವೆ. ಚೆಕ್, ಡಿಡಿ, ಎನ್‌ಇಎಫ್‌ಟಿ, ಯುಪಿಐ, ಕಾರ್ಡ್ ಹೀಗೆ ನಗದಲ್ಲದ ಯಾವ ದಾರಿಯೂ ಸರಿ. ಒಂದೇ ಎಚ್ಚರ: ಹಣ ಯಾರ ಖಾತೆಯಿಂದ ಹೋಗಿದೆಯೋ ರಸೀದಿ ಅವರ ಹೆಸರಿನಲ್ಲಿ, ಅವರ ಪ್ಯಾನ್ ಸಂಖ್ಯೆಯೊಂದಿಗೆ ಇರಬೇಕು. ಹೆಂಡತಿಯ ಫೋನಿನಿಂದ ಯುಪಿಐ ಮಾಡಿ ಗಂಡನ ಹೆಸರಿಗೆ ರಸೀದಿ ಬರೆಸಿದರೆ, ಪ್ರಶ್ನೆ ಬಂದ ದಿನ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಹೆಸರು ಹೇಳುತ್ತದೆ, ರಸೀದಿ ಇನ್ನೊಂದು.

ಅಕ್ಕಿ ಬೇಳೆಯ 12,000ಕ್ಕೂ ಕಡಿತವಿಲ್ಲ. ಕಾನೂನಿನಲ್ಲಿ ದೇಣಿಗೆ ಎಂದರೆ ಹಣ, ವಸ್ತುವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಾಜ್ಯದ ಮೂಲೆಮೂಲೆಯಿಂದ ಕಂಬಳಿ, ಬಟ್ಟೆ, ಅಕ್ಕಿ ಮೂಟೆ, ಔಷಧಿ ಹೊತ್ತ ವಾಹನಗಳು ಹೊರಟವು. ಅವುಗಳಲ್ಲಿ ಒಂದಕ್ಕೂ ತೆರಿಗೆಯಲ್ಲಿ ಲೆಕ್ಕವಿರಲಿಲ್ಲ. ನೆರವಿನ ಬೆಲೆ ಇದರಿಂದ ಕಿಂಚಿತ್ತೂ ಕಡಿಮೆಯಲ್ಲ, ಆ ಹೊತ್ತಿಗೆ ಬೇಕಾದದ್ದು ಕಂಬಳಿಯೇ. ಆದರೆ ಅದೇ ಮೊತ್ತವನ್ನು ಅಂಗಡಿಗೆ ಕೊಡದೆ ಸಂಸ್ಥೆಯ ಖಾತೆಗೆ ಹಾಕಿ, ಸಂಸ್ಥೆಯೇ ಸಾಮಾನು ಕೊಂಡರೆ ಅದು ಹಣದ ದೇಣಿಗೆಯಾಗುತ್ತದೆ.

ಯಾವ ಸಂಸ್ಥೆಯ ರಸೀದಿ ನಡೆಯುತ್ತದೆ ಎಂಬುದಕ್ಕೆ ಉತ್ತರ ಒಂದೇ: ಕೊಟ್ಟ ದಿನ ಆ ಸಂಸ್ಥೆಗೆ ಭಾರತದಲ್ಲಿ 80ಜಿ ಅನುಮೋದನೆ ಜೀವಂತವಾಗಿರಬೇಕು. ನೋಂದಾಯಿತ ಟ್ರಸ್ಟ್ ಆಗಿರುವುದು ಬೇರೆ, 80ಜಿ ಅನುಮೋದನೆ ಇರುವುದು ಬೇರೆ. ಬಡಾವಣೆಯ ಉತ್ಸವ ಸಮಿತಿಗಳಿಗೆ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಆಪರೇಷನ್‌ಗೆಂದು ವ್ಯಕ್ತಿಯ ಖಾತೆಗೆ ನೇರವಾಗಿ ಹಾಕಿದ ಹಣ ದಾನವೇ ಹೌದು, ಆದರೆ 80ಜಿ ದೇಣಿಗೆ ಅಲ್ಲ. ಹುಂಡಿಗೆ ಹಾಕಿದ್ದಕ್ಕೆ ಹೆಸರೇ ಇರುವುದಿಲ್ಲ. ಒಂದು ಧರ್ಮದ ಅಥವಾ ಜಾತಿಯ ಜನರಿಗಷ್ಟೇ ಮೀಸಲಾದ ಸಂಸ್ಥೆಗೆ ಈ ಅನುಮೋದನೆ ಸಿಗುವುದಿಲ್ಲ. ದೇವಸ್ಥಾನ, ಮಸೀದಿ, ಚರ್ಚುಗಳಿಗೆ ಬೇರೆಯದೇ ಬಾಗಿಲಿದೆ. ಐತಿಹಾಸಿಕ ಅಥವಾ ಕಲಾ ಮಹತ್ವವುಳ್ಳದ್ದು, ಇಲ್ಲವೇ ರಾಜ್ಯದಾದ್ಯಂತ ಹೆಸರಾದ ಪೂಜಾಸ್ಥಳ ಎಂದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಕಡೆ, ಜೀರ್ಣೋದ್ಧಾರಕ್ಕೋ ದುರಸ್ತಿಗೋ ಕೊಟ್ಟ ಹಣಕ್ಕೆ ಮಾತ್ರ ಅದು ತೆರೆಯುತ್ತದೆ. ಅಭಿಷೇಕ, ಅರ್ಚನೆಯ ಸೇವಾ ರಸೀದಿಗೆ ಅಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಕನ್ನಡ ಕೂಟಕ್ಕೆ ಕೊಟ್ಟದ್ದನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಲಾಗದು. ಆದರೆ ಅವರಿಗೆ ಇಲ್ಲಿ ಬಾಡಿಗೆಯೋ ಬಡ್ಡಿಯೋ ಬರುತ್ತಿದ್ದು, ಇಲ್ಲಿನ ಅನುಮೋದಿತ ಟ್ರಸ್ಟಿಗೆ ಹಣ ಕೊಟ್ಟರೆ, ಆ ಆದಾಯದ ಮೇಲೆ ಕಡಿತ ಕೇಳಬಹುದು.

ಅನುಮೋದನೆ 'ಜೀವಂತವಾಗಿ' ಇರಬೇಕು ಎಂದದ್ದಕ್ಕೆ ಈಗ ವಿಶೇಷ ಕಾರಣವಿದೆ. ಹಿಂದೆ ಒಮ್ಮೆ ಸಿಕ್ಕ 80ಜಿ ಪತ್ರ ಕಾಲಮಿತಿಯಿಲ್ಲದೆ ನಡೆಯುತ್ತಿತ್ತು, ಎಷ್ಟೋ ಸಂಸ್ಥೆಗಳು ಹಳೆಯ ಆದೇಶದ ಸಂಖ್ಯೆಯನ್ನೇ ರಸೀದಿ ಪುಸ್ತಕದಲ್ಲಿ ಅಚ್ಚು ಹಾಕಿಸಿಕೊಂಡಿದ್ದವು. 2021ರ ಏಪ್ರಿಲ್‌ನಿಂದ ಎಲ್ಲ ಸಂಸ್ಥೆಗಳೂ ಹೊಸದಾಗಿ ಅನುಮೋದನೆ ಪಡೆಯಬೇಕಾಯಿತು, ಅದರ ಆಯುಸ್ಸು ಐದು ವರ್ಷ. ಆ ಮೊದಲ ಸುತ್ತಿನಲ್ಲಿ ಸಿಕ್ಕ ಅನುಮೋದನೆಗಳ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು. ನವೀಕರಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬೇಕಿತ್ತು. ಪೂರ್ಣಕಾಲದ ಸಿಬ್ಬಂದಿಯಿಲ್ಲದ, ಊರಿನ ಹಿರಿಯರೇ ಲೆಕ್ಕ ನೋಡಿಕೊಳ್ಳುವ ಸಣ್ಣ ಟ್ರಸ್ಟುಗಳಿಗೆ ಇಂಥ ಗಡುವು ತಪ್ಪುವುದು ಸುಲಭ. ಆದ್ದರಿಂದ 2026ರ ಏಪ್ರಿಲ್ ನಂತರ ಕೊಡುವವರು ರಸೀದಿಯ ಮೇಲೆ ಅನುಮೋದನೆ ಸಂಖ್ಯೆ ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಅದರ ಅವಧಿ ಎಲ್ಲಿಯವರೆಗೆ ಎಂದು ಆದೇಶದ ಪ್ರತಿಯನ್ನೇ ಕೇಳಬೇಕು. ಕೇಳಿದರೆ ಬೇಸರಪಟ್ಟುಕೊಳ್ಳುವ ಅಗತ್ಯ ಯಾವ ಸಂಸ್ಥೆಗೂ ಇಲ್ಲ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲೂ ಅನುಮೋದಿತ ಸಂಸ್ಥೆಗಳ ಹೆಸರನ್ನು ಹುಡುಕಿ ನೋಡಬಹುದು.

10ಬಿಇ ಕೈಗೆ ಬಂದಾಗ ಅದನ್ನು ಒಮ್ಮೆ ಕಣ್ಣಿಟ್ಟು ಓದುವುದು ಒಳ್ಳೆಯದು. ಒಂದೇ ಹಾಳೆಯದು. ಮೇಲೆ ಎಆರ್‌ಎನ್ ಎಂಬ ಸಂಖ್ಯೆ, ನಂತರ ಟ್ರಸ್ಟಿನ ಪ್ಯಾನ್, ಹೆಸರು, ವಿಳಾಸ, ಅನುಮೋದನೆಯ ಸಂಖ್ಯೆ ಮತ್ತು ದಿನಾಂಕ, ಕೆಳಗೆ ದಾನಿಯ ಹೆಸರು, ಪ್ಯಾನ್ ಅಥವಾ ಆಧಾರ್, ಮೊತ್ತ, ಹಣಕಾಸು ವರ್ಷ. ರಿಟರ್ನ್‌ನ 80ಜಿ ಪಟ್ಟಿಯಲ್ಲಿ ಟ್ರಸ್ಟಿನ ಪ್ಯಾನ್, ಈ ಎಆರ್‌ಎನ್, ನಗದು ಎಷ್ಟು, ಬೇರೆ ರೀತಿಯಲ್ಲಿ ಎಷ್ಟು ಎಂದು ಬೇರೆಬೇರೆ ಅಂಕಣಗಳಿವೆ. ದಾನಿಯ ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಟ್ರಸ್ಟ್ ಕೊಟ್ಟ ಮಾಹಿತಿ ಇನ್ಯಾರದೋ ಲೆಕ್ಕಕ್ಕೆ ಹೋಗುತ್ತದೆ. ಟ್ರಸ್ಟ್ ತಿದ್ದುಪಡಿ ಪಟ್ಟಿ ಸಲ್ಲಿಸಿ ಅದನ್ನು ಸರಿಪಡಿಸಬಹುದು. ದೇಣಿಗೆ ಕೊಡುವಾಗಲೇ ಪ್ಯಾನ್ ಸಂಖ್ಯೆಯನ್ನು ಬಾಯಲ್ಲಿ ಹೇಳದೆ ಬರೆದು ಕೊಟ್ಟರೆ ಈ ಓಡಾಟ ತಪ್ಪುತ್ತದೆ. ಟ್ರಸ್ಟ್ ಪಟ್ಟಿಯನ್ನು ತಡವಾಗಿ ಸಲ್ಲಿಸಿದರೆ ದಿನಕ್ಕೆ 200 ರೂಪಾಯಿ ಶುಲ್ಕ ತೆರಬೇಕು, ಸಲ್ಲಿಸದೇ ಹೋದರೆ 10,000ದಿಂದ 1 ಲಕ್ಷದವರೆಗೆ ದಂಡ ಬೀಳಬಹುದು. ಇದನ್ನು ಅರಿಯದ ಸಂಸ್ಥೆಗಳಿಗೆ ದಾನಿಗಳೇ ನೆನಪಿಸುವುದು ಅವರಿಗೂ ಉಪಕಾರ.

ಇಷ್ಟೆಲ್ಲ ಬಿಗಿ ಏಕೆ ಎಂದರೆ ಸುಳ್ಳು ರಸೀದಿಗಳ ವ್ಯವಹಾರ. ಖಾತೆಗೆ ಹಣ ಹಾಕಿಸಿಕೊಂಡು, ಕಮಿಷನ್ ಹಿಡಿದು, ಉಳಿದದ್ದನ್ನು ನಗದಾಗಿ ವಾಪಸ್ ಕೊಡುವ ಸಂಸ್ಥೆಗಳೂ ಮಧ್ಯವರ್ತಿಗಳೂ ಇದ್ದರು. ಏನೂ ಕೊಡದವರಿಗೂ ದೇಣಿಗೆ ತೋರಿಸಿ ರೀಫಂಡ್ ತರಿಸಿಕೊಡುವ, ರೀಫಂಡಿನಲ್ಲಿ ಪಾಲು ಕೇಳುವ ರಿಟರ್ನ್ ಏಜೆಂಟರೂ ಇದ್ದರು. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳ ವಿರುದ್ಧ ದೇಶದ ಹಲವೆಡೆ ದೊಡ್ಡ ಪರಿಶೀಲನೆ ನಡೆಸಿತು. ಅದರ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಕ್ಲೇಮುಗಳನ್ನು ಹಿಂತೆಗೆದುಕೊಂಡಿದ್ದರೆಂದು ಇಲಾಖೆಯೇ ತಿಳಿಸಿತು. ಅದರಲ್ಲಿ ದೇಣಿಗೆಯಷ್ಟೇ ಅಲ್ಲ, ಬಾಡಿಗೆ ಭತ್ಯೆ, ವಿಮೆಯಂಥ ಬೇರೆ ಸುಳ್ಳು ಕಡಿತಗಳೂ ಸೇರಿದ್ದವು. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ಉಳಿಸಿದ ತೆರಿಗೆಯ ಎರಡರಷ್ಟು ದಂಡ. 21,450 ರೂಪಾಯಿಯನ್ನು ಹೀಗೆ ಉಳಿಸಿದವರು ಆ ತೆರಿಗೆ, ಅದರ ಬಡ್ಡಿ, ಮೇಲೆ 42,900 ದಂಡ ಕಟ್ಟಬೇಕಾದೀತು. ನೋಟಿಸ್ ಬರುವುದು ಏಜೆಂಟರ ಹೆಸರಿಗಲ್ಲ, ರಿಟರ್ನ್ ಯಾರದೋ ಅವರ ಹೆಸರಿಗೆ.

ನಿಜವಾಗಿ ಕೊಟ್ಟವರಿಗೆ ಉಳಿಯುವ ದೊಡ್ಡ ಚಿಂತೆ ಜುಲೈನ ಕೊನೆಯ ವಾರದ್ದು. ಸಂಬಳದಾರರ ದೇಣಿಗೆಯನ್ನು ಕಂಪನಿ ಸಾಮಾನ್ಯವಾಗಿ ಫಾರ್ಮ್ 16ರಲ್ಲಿ ಸೇರಿಸುವುದಿಲ್ಲ, ಟ್ರಸ್ಟಿನ ರಸೀದಿಯನ್ನು ನೋಡಿ ಟಿಡಿಎಸ್ ಕಡಿಮೆ ಮಾಡುವ ಅಧಿಕಾರ ಅದಕ್ಕಿಲ್ಲ. ಕಡಿತವನ್ನು ರಿಟರ್ನ್‌ನಲ್ಲೇ ಕೇಳಿ ರೀಫಂಡ್ ಪಡೆಯಬೇಕು. ಅಷ್ಟರಲ್ಲಿ 10ಬಿಇ ಬಂದಿರುವುದಿಲ್ಲ. ಬರಲಿ ಎಂದು ಕಾಯುತ್ತ ಜುಲೈ 31ರ ಗಡುವನ್ನು ದಾಟಿಸಿದರೆ ಕೈತಪ್ಪುವುದು ದೇಣಿಗೆಯ ಕಡಿತವೊಂದೇ ಅಲ್ಲ. ಹಳೆ ಪದ್ಧತಿಯನ್ನು ಆರಿಸಿಕೊಳ್ಳುವ ಹಕ್ಕು ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ಗೆ ಮಾತ್ರ ಇದೆ. ತಡವಾದರೆ ಹೊಸ ಪದ್ಧತಿಯೇ ಗತಿ, ಬಾಡಿಗೆ ಭತ್ಯೆಯಿಂದ ಹಿಡಿದು ಗೃಹಸಾಲದ ಬಡ್ಡಿಯವರೆಗೆ ಎಲ್ಲವೂ ಹೋಗುತ್ತದೆ. ನಮ್ಮ ಇಂಜಿನಿಯರರಂಥವರು ಮಾಡಬೇಕಾದದ್ದು ಇಷ್ಟು: ಗಡುವಿನೊಳಗೆ ಹಳೆ ಪದ್ಧತಿಯಲ್ಲಿ, ವೃದ್ಧಾಶ್ರಮದ ದೇಣಿಗೆಯನ್ನು ಬಿಟ್ಟು ರಿಟರ್ನ್ ಸಲ್ಲಿಸುವುದು, ಟ್ರಸ್ಟಿನಿಂದ 10ಬಿಇ ಬಂದ ಮೇಲೆ ಎಆರ್‌ಎನ್ ಸೇರಿಸಿ ಪರಿಷ್ಕೃತ ರಿಟರ್ನ್ ಹಾಕುವುದು. ಪರಿಷ್ಕೃತ ರಿಟರ್ನ್‌ನ ಅವಧಿಯೂ ಮುಗಿದರೆ ಮುಂದೆ ದಾರಿಯಿಲ್ಲ. ವರ್ಷಗಳ ನಂತರವೂ ಸಲ್ಲಿಸಬಹುದಾದ ಅಪ್ಡೇಟೆಡ್ ರಿಟರ್ನ್ ಹೆಚ್ಚುವರಿ ತೆರಿಗೆ ಕಟ್ಟುವವರಿಗಾಗಿ ಇರುವಂಥದ್ದು, ಬಿಟ್ಟುಹೋದ ಕಡಿತವನ್ನು ಅದರಲ್ಲಿ ಕೇಳಲು ಬರುವುದಿಲ್ಲ.